ಜಾಲಪುಟ ಚಿತ್ರವಾಗಿ ಬೇಡ, ಪಿಡಿಎಫ್ ಆಗಿ ಇರಲಿ

ಬೆಟ್ಟದಪುರದ ಸುತ್ತಿನ ಶಾಲೆಗಳಲ್ಲಿ ಮಿಂಚು ಸಿಡಿಲಿನ ಪಾಠ ಮಾಡುವುದಕ್ಕೆ ಪ್ರಶಿಕ್ಷಣಾರ್ಥಿಗಳು ಪೀಠಿಕೆ ಹುಡುಕಬೇಕಾಗಿಲ್ಲ. ಕಿಟಕಿಯಿಂದ ಕಾಣುವ ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿಯಿದೆ. ಆ ಹೆಸರು ಏಕೆ ಬಂತು ಎಂದು ಕೇಳಿದರೆ ಅರ್ಧ ತರಗತಿ ಕೈ ಎತ್ತುತ್ತದೆ. ತೊಡಕು ಬರುವುದು ಅದರ ಮುಂದಿನ ಹಂತದಲ್ಲಿ. ಮೋಡದೊಳಗಿನ ಆವೇಶಗಳ ವಿವರಣೆಗೆ ಜಾಲತಾಣದಲ್ಲಿ ಒಳ್ಳೆಯ ಪುಟ ಸಿಗುತ್ತದೆ, ಆದರೆ ತರಗತಿಯಲ್ಲಿ ನೆಟ್‌ವರ್ಕ್ ಸಿಕ್ಕೇ ಸಿಗುತ್ತದೆಂದು ನಂಬಿ ಪಾಠ ಯೋಜನೆ ಬರೆಯುವಂತಿಲ್ಲ. ಆದ್ದರಿಂದ ಪುಟವನ್ನು ಮನೆಯಲ್ಲೇ ಉಳಿಸಿಕೊಂಡು ಬರುತ್ತಾರೆ. ಹೇಗೆ ಉಳಿಸಿಕೊಂಡು ಬರುತ್ತಾರೆ ಎಂಬುದೇ ಈ ಲೇಖನದ ವಿಷಯ.

ಬೋಧನಾಭ್ಯಾಸದ ವೀಕ್ಷಣೆಗೆ ಹೋದಾಗ ನಾನು ಹೆಚ್ಚಾಗಿ ನೋಡುವುದು ಸ್ಕ್ರೀನ್‌ಶಾಟ್. ಐಪ್ಯಾಡಿನ ಪರದೆಯಲ್ಲಿ ಕಂಡಷ್ಟನ್ನು ಚಿತ್ರವಾಗಿ ತೆಗೆದು, ಸ್ವಲ್ಪ ಸರಿಸಿ, ಮತ್ತೊಂದು ತೆಗೆದು, ಹೀಗೆ ಆರೇಳು ಚಿತ್ರ. ಅವನ್ನು ವಾಟ್ಸಾಪಿನಲ್ಲಿ ಜೆರಾಕ್ಸ್ ಅಂಗಡಿಗೆ ಕಳಿಸಿ ಮುದ್ರಿಸಿ ಗುಂಪುಗಳಿಗೆ ಹಂಚುತ್ತಾರೆ. ಅಂಥ ಒಂದು ತರಗತಿಯಲ್ಲಿ ಗುಂಪಿನ ನಾಯಕಿ ಎದ್ದು ನಿಂತು ಓದಿದಳು: ‘ಮೋಡದ ಮೇಲ್ಭಾಗದಲ್ಲಿ ದನ ಆವೇಶ ಇರುತ್ತದೆ.’ ತರಗತಿ ನಕ್ಕಿತು. ಹುಡುಗಿಯ ತಪ್ಪೇನೂ ಇರಲಿಲ್ಲ. ಹಾಳೆಯಲ್ಲಿ ‘ಧ’ದ ಬುಡದ ಸೀಳು ಮಸಿಯಾಗಿ ಮುಚ್ಚಿಹೋಗಿತ್ತು, ನಾನು ಓದಿದ್ದರೂ ‘ದನ’ ಎಂದೇ ಓದುತ್ತಿದ್ದೆ.

ಚಿತ್ರವೆಂದರೆ ಚುಕ್ಕಿಗಳ ಜೋಡಣೆ. ತೆಗೆದ ಕ್ಷಣದಲ್ಲಿ ಎಷ್ಟು ಚುಕ್ಕಿಗಳಿದ್ದವೋ ಅಷ್ಟೇ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದಾಗ ಗಾತ್ರ ಇಳಿಸುವುದಕ್ಕಾಗಿ ಅವನ್ನೂ ಕಡಿಮೆ ಮಾಡಲಾಗುತ್ತದೆ. ಕನ್ನಡದಲ್ಲಿ ಈ ನಷ್ಟ ಮೊದಲು ತಗಲುವುದು ಅಕ್ಷರದ ಬುಡಕ್ಕೆ. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಬೇರೆಯಾಗುವುದು ಬುಡದ ಒಂದು ಸಣ್ಣ ಸೀಳಿನಿಂದ. ಒತ್ತಕ್ಷರಗಳೂ ಕೆಳಗೇ ಚಿಕ್ಕದಾಗಿ ಕೂತಿರುತ್ತವೆ. ಪಿಡಿಎಫ್‌ನಲ್ಲಿ ಹಾಗಲ್ಲ. ಜಾಲಪುಟದ ಅಕ್ಷರಗಳು ಅಲ್ಲಿ ಚುಕ್ಕಿಗಳಾಗಿ ಅಲ್ಲ, ಗೆರೆಯ ಆಕಾರಗಳಾಗಿ ಉಳಿಯುತ್ತವೆ. ಎಷ್ಟು ಹಿಗ್ಗಿಸಿದರೂ ಅಂಚು ಚೂಪಾಗಿಯೇ ಇರುತ್ತದೆ. ಉಳಿಸಿದ್ದು ನಿಜವಾಗಿ ಯಾವುದು ಎಂದು ತಿಳಿಯಲು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರೆ ಸಾಕು: ಅಂಚು ಮಸುಕಾದರೆ ಚಿತ್ರ, ಚೂಪಾಗಿದ್ದರೆ ಪಿಡಿಎಫ್.

ಐಪ್ಯಾಡಿನಲ್ಲಿ ಇಡೀ ಪುಟವನ್ನು ಪಿಡಿಎಫ್ ಮಾಡುವ ಸೌಲಭ್ಯ 2019ರ ಐಪ್ಯಾಡ್‌ಓಎಸ್ 13ರಿಂದಲೂ ಇದೆ. ಪುಟವನ್ನು ಸಫಾರಿಯಲ್ಲೇ ತೆರೆಯಬೇಕು. ಎಲ್ಲ ಆ್ಯಪ್‌ಗಳಲ್ಲಿ ಇದು ಸಿಗುವುದಿಲ್ಲ. ಹೋಮ್ ಗುಂಡಿ ಇರುವ ಐಪ್ಯಾಡಿನಲ್ಲಿ ಮೇಲಿನ ಗುಂಡಿ ಮತ್ತು ಹೋಮ್ ಗುಂಡಿಯನ್ನು, ಇಲ್ಲದಿದ್ದರೆ ಮೇಲಿನ ಗುಂಡಿ ಮತ್ತು ಒಂದು ವಾಲ್ಯೂಮ್ ಗುಂಡಿಯನ್ನು ಒಟ್ಟಿಗೆ ಒತ್ತಿ ಬಿಡಿ. ಇದು ಎಲ್ಲರಿಗೂ ಗೊತ್ತಿರುವ ಸ್ಕ್ರೀನ್‌ಶಾಟೇ. ಮೂಲೆಯಲ್ಲಿ ಸಣ್ಣ ಚಿತ್ರವೊಂದು ಕೆಲವು ಕ್ಷಣ ನಿಲ್ಲುತ್ತದಲ್ಲ, ಅದು ಮಾಯವಾಗುವ ಮೊದಲು ಮುಟ್ಟಬೇಕು. ತೆರೆದ ಪುಟದ ಮೇಲ್ಭಾಗದಲ್ಲಿ `Screen` ಮತ್ತು `Full Page` ಎಂಬ ಎರಡು ಆಯ್ಕೆ ಕಾಣುತ್ತವೆ. `Full Page` ಮುಟ್ಟಿದರೆ ಮೇಲಿಂದ ಕೆಳಗಿನವರೆಗಿನ ಇಡೀ ಪುಟ ಉದ್ದಕ್ಕೆ ನಿಲ್ಲುತ್ತದೆ. ಕೆಳಗಿನ ಜಾಹೀರಾತು, ಪ್ರತಿಕ್ರಿಯೆಗಳು ಬೇಡವಾದರೆ ಅಂಚನ್ನು ಎಳೆದು ಅಲ್ಲೇ ಕತ್ತರಿಸಬಹುದು. ಆಮೇಲೆ `Done`, ಅದರ ಕೆಳಗೆ `Save PDF to Files`.

ಇಲ್ಲಿ ಒಂದು ಎಚ್ಚರ. ಐಪ್ಯಾಡ್‌ಓಎಸ್ 17ರಿಂದ ಈಚೆಗೆ ಅದೇ ಪಟ್ಟಿಯಲ್ಲಿ ಫೋಟೋಗಳಿಗೆ ಉಳಿಸುವ ಆಯ್ಕೆಯೂ ಬಂದಿದೆ. ಇಡೀ ಪುಟ ಅಲ್ಲೂ ಉಳಿಯುತ್ತದೆ, ಆದರೆ ಉದ್ದನೆಯ ಒಂದು ಚಿತ್ರವಾಗಿ. ‘ಫುಲ್ ಪೇಜ್ ಒತ್ತಿದೆ ಸರ್, ಆದರೂ ಮಸುಕು ಬಂತು’ ಎನ್ನುವವರಲ್ಲಿ ಹೆಚ್ಚಿನವರು ಇಲ್ಲೇ ದಾರಿ ತಪ್ಪಿರುತ್ತಾರೆ. ಕಡತ ಫೋಟೋಗಳ ನಡುವೆ ಕಂಡರೆ ಚಿತ್ರ. `Files` ಆ್ಯಪ್‌ನಲ್ಲಿ ಕಂಡರೆ ಪಿಡಿಎಫ್.

ಇಷ್ಟಾದರೆ ಕೆಲಸ ಮುಗಿಯಿತೇ? ಪ್ರೊಜೆಕ್ಟರಿನಲ್ಲಿ ತೋರಿಸುವುದಕ್ಕೆ, ನಾವೇ ಓದಿಕೊಳ್ಳುವುದಕ್ಕೆ ಮುಗಿಯಿತು. ಹಂಚುವ ಹಾಳೆ ಬೇಕಾದರೆ ಮುಗಿಯಲಿಲ್ಲ. `Full Page` ಕೊಡುವ ಪಿಡಿಎಫ್‌ನಲ್ಲಿ ಹಾಳೆಗಳ ವಿಂಗಡಣೆಯೇ ಇರುವುದಿಲ್ಲ. ಇಡೀ ಜಾಲಪುಟ ಒಂದೇ ಉದ್ದನೆಯ ಪುಟ, ಪಂಚಾಂಗದ ಸುರುಳಿ ಬಿಚ್ಚಿಟ್ಟಂತೆ.

ಮಿಂಚಿನ ಪುಟವನ್ನೇ ಲೆಕ್ಕ ಹಾಕಿ ನೋಡೋಣ. 10.2 ಅಂಗುಲದ ಐಪ್ಯಾಡನ್ನು ನಿಲ್ಲಿಸಿ ಹಿಡಿದರೆ ಪರದೆಯ ಅಗಲ 1620 ಚುಕ್ಕಿ, ಅಂದರೆ ಸುಮಾರು 156 ಮಿಲಿಮೀಟರ್. ಪುಟ ಓದಿ ಮುಗಿಸಲು ಆರು ಪರದೆಯಷ್ಟು ಸರಿಸಬೇಕೆನ್ನಿ. ಪರದೆಗೆ ಸುಮಾರು 2000 ಚುಕ್ಕಿಯಂತೆ ಉದ್ದ 12,000 ಚುಕ್ಕಿ. ಇದನ್ನು ಒಂದು ಎ4 ಹಾಳೆಗೆ ಹೊಂದಿಸಲು ಹೇಳಿದರೆ ಯಂತ್ರ ಉದ್ದವನ್ನು 297 ಮಿಲಿಮೀಟರಿಗೆ ಕುಗ್ಗಿಸುತ್ತದೆ. ಆಗ ಅಗಲ 297 × 1620 ÷ 12,000, ಅಂದರೆ ಸುಮಾರು 40 ಮಿಲಿಮೀಟರ್. ಹಾಳೆಯ ನಡುವೆ ಎರಡು ಬೆರಳಗಲದ ಒಂದು ಪಟ್ಟಿ, ಎರಡೂ ಕಡೆ ಬಿಳಿ. ಪರದೆಯಲ್ಲಿ 3 ಮಿಲಿಮೀಟರ್ ಎತ್ತರವಿದ್ದ ಅಕ್ಷರ ಹಾಳೆಯಲ್ಲಿ ಮುಕ್ಕಾಲು ಮಿಲಿಮೀಟರ್. ಪಿಡಿಎಫ್ ಎಷ್ಟೇ ಚೂಪಾಗಿದ್ದರೂ ಮುಕ್ಕಾಲು ಮಿಲಿಮೀಟರಿನ ‘ಧ’ವನ್ನು ಎಂಟನೆಯ ತರಗತಿಯ ಮಗು ಓದಲಾರದು. ಮತ್ತೆ ದನವೇ.

ಹಂಚುವ ಹಾಳೆಗೆ ಬೇರೆ ದಾರಿ ಇದೆ, ಅದಕ್ಕೆ ಪ್ರಿಂಟರ್ ಬೇಕಾಗಿಲ್ಲ. ಸಫಾರಿಯಲ್ಲಿ ಮೇಲೆ ಬಾಣವಿರುವ ಚೌಕದ ಗುರುತನ್ನು ಮುಟ್ಟಿ, ಪಟ್ಟಿಯಲ್ಲಿ ಕೆಳಗೆ ಇರುವ `Print` ಆರಿಸಿ. ಪ್ರಿಂಟರ್ ಆಯ್ಕೆಯಾಗಿಲ್ಲ ಎಂದು ತೋರಿಸಿದರೆ ತೋರಿಸಲಿ. ಹಾಳೆಗಳ ಸಣ್ಣ ನಮೂನೆ ಕಾಣುತ್ತದಲ್ಲ, ಅದರ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿ. ನಮೂನೆ ಪರದೆ ತುಂಬ ತೆರೆದುಕೊಳ್ಳುತ್ತದೆ, ಅದಾಗಲೇ ಪಿಡಿಎಫ್. ಮತ್ತೆ ಅದೇ ಬಾಣದ ಗುರುತು ಮುಟ್ಟಿ `Save to Files` ಎಂದರೆ ಹಾಳೆ ಹಾಳೆಯಾಗಿ ಒಡೆದ ಕಡತ ಉಳಿಯುತ್ತದೆ. ಅಕ್ಷರಗಳು ಹಾಳೆಯ ಅಗಲಕ್ಕೆ ತಕ್ಕ ಗಾತ್ರದಲ್ಲಿರುತ್ತವೆ. ಕೆಲವು ತಾಣಗಳು ಮುದ್ರಣಕ್ಕೆಂದೇ ಬೇರೆ ರೂಪ ಇಟ್ಟಿರುವುದರಿಂದ ಈ ದಾರಿಯಲ್ಲಿ ಪಕ್ಕದ ಪಟ್ಟಿಗಳೂ ಮಾಯವಾಗುತ್ತವೆ. ವಿಕಿಪೀಡಿಯದಲ್ಲಿ ಇದನ್ನು ನೋಡಬಹುದು. ಜಾಹೀರಾತು ತುಂಬಿದ ಲೇಖನವಾದರೆ ಮೊದಲು ಸಫಾರಿಯ ರೀಡರ್ ನೋಟಕ್ಕೆ ಹೋಗಿ ಆಮೇಲೆ `Print` ಎನ್ನುವುದು ಮೇಲು. ಒಂದು ಕೊರತೆಯೂ ಇದೆ: ಹಾಳೆ ಒಡೆಯುವ ಜಾಗದಲ್ಲಿ ಚಿತ್ರ ಒಂದು ಕಡೆ, ಅದರ ವಿವರಣೆ ಮರುಹಾಳೆಯಲ್ಲಿ ಬೀಳಬಹುದು. ಅದಕ್ಕೇ ಪ್ರೊಜೆಕ್ಟರಿಗೆ ನಾನು ಉದ್ದನೆಯ ಪಿಡಿಎಫ್ ಅನ್ನೇ ಹೇಳುತ್ತೇನೆ.

ಯಾವ ದಾರಿ ಹಿಡಿದರೂ, ಪರದೆಗೆ ಬಂದಿರದ ವಸ್ತು ಕಡತಕ್ಕೆ ಬರುವುದಿಲ್ಲ. ಎಷ್ಟೋ ತಾಣಗಳಲ್ಲಿ ನಾವು ಸರಿಸಿದಂತೆ ಚಿತ್ರಗಳು ಇಳಿಯುತ್ತವೆ. ಪುಟ ತೆರೆದ ಕೂಡಲೇ ಉಳಿಸಿದರೆ ಆವೇಶಗಳ ಚಿತ್ರವಿರಬೇಕಾದ ಕಡೆ ಬೂದು ಚೌಕ ಸಿಗುತ್ತದೆ. ಮೊದಲು ನಿಧಾನವಾಗಿ ಕೊನೆಯವರೆಗೆ ಸರಿಸಿ, ಚಿತ್ರಗಳು ಬಂದವೆಂದು ಕಂಡು, ಮತ್ತೆ ಮೇಲೆ ಬಂದು ಉಳಿಸಬೇಕು. ಮಡಚಿದ ಭಾಗಗಳೂ ಹೀಗೆಯೇ: ‘ಇನ್ನಷ್ಟು ಓದಿ’ ಎಂಬುದನ್ನು ಮುಟ್ಟಿ ತೆರೆಯದಿದ್ದರೆ ಪಿಡಿಎಫ್‌ನಲ್ಲೂ ಅದು ಮುಚ್ಚಿಯೇ ಇರುತ್ತದೆ, ಅಲ್ಲಿ ಮುಟ್ಟಿದರೆ ತೆರೆಯುವುದೂ ಇಲ್ಲ. ಉಳಿಸಿದ ಮೇಲೆ ಕೊನೆಯ ಸಾಲನ್ನು ಜಾಲಪುಟದ ಕೊನೆಯ ಸಾಲಿನೊಡನೆ ಹೋಲಿಸಿ ನೋಡುವುದು ಅರ್ಧ ನಿಮಿಷದ ಕೆಲಸ.

ಪಾಠ ಯೋಜನೆ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ಪಿಡಿಎಫ್‌ನಿಂದ ಕನ್ನಡ ಸಾಲನ್ನು ನಕಲು ಮಾಡಿ ಅಂಟಿಸಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವುದನ್ನು ಅನೇಕರು ಕಂಡಿರುತ್ತಾರೆ. ಕಡತದಲ್ಲಿ ಉಳಿದಿರುವುದು ಅಕ್ಷರದ ಆಕಾರ ಮತ್ತು ಅದು ಕೂತ ಸ್ಥಳ. ‘ದ್ಯು’ ಎಂಬ ಆಕಾರ ಯಾವ ಯಾವ ಅಕ್ಷರಗಳಿಂದ, ಯಾವ ಕ್ರಮದಲ್ಲಿ ಆಯಿತು ಎಂಬ ನಂಟು ಕನ್ನಡದಂಥ ಲಿಪಿಗಳಲ್ಲಿ ಎಷ್ಟೋ ಸಲ ಸರಿಯಾಗಿ ಉಳಿದಿರುವುದಿಲ್ಲ. ಕಣ್ಣಿಗೆ ‘ವಿದ್ಯುತ್’ ಸರಿಯಾಗಿಯೇ ಕಾಣುತ್ತದೆ; ನಕಲು ಮಾಡಿದರೆ ಬೇರೇನೋ ಬರುತ್ತದೆ, ಕಡತದಲ್ಲಿ ಆ ಪದವನ್ನು ಹುಡುಕಿದರೆ ಸಿಗುವುದೂ ಇಲ್ಲ. ಹಾಗಾಗಿ ಸಾಲುಗಳು ಬೇಕಿದ್ದರೆ ನೆಟ್‌ವರ್ಕ್ ಇರುವಾಗಲೇ ಜಾಲಪುಟದಿಂದ ನೇರವಾಗಿ ನಕಲು ಮಾಡಿ `Notes`ನಲ್ಲಿ ಇಟ್ಟುಕೊಳ್ಳಿ. ಪಿಡಿಎಫ್ ಇರುವುದು ನೋಡುವುದಕ್ಕೆ, ಮುದ್ರಿಸುವುದಕ್ಕೆ.

ಉಳಿಸುವ ಜಾಗ ಕೇಳಿದಾಗ `On My iPad` ಆರಿಸುವುದು ಕ್ಷೇಮ. ಐಕ್ಲೌಡಿನಲ್ಲಿಟ್ಟ ಕಡತದ ಹೆಸರು ಕಾಣುತ್ತಿದ್ದರೂ ಒಳಗಿನದು ಇನ್ನೂ ಇಳಿಯದೆ ಇರಬಹುದು. ಹಿಂದಿನ ರಾತ್ರಿ ಏರ್‌ಪ್ಲೇನ್ ಮೋಡ್ ಹಾಕಿ ಒಮ್ಮೆ ತೆರೆದು ನೋಡಿದರೆ ಗೊತ್ತಾಗುತ್ತದೆ. `Full Page`ನಲ್ಲಿ ಜಾಲಪುಟದ ವಿಳಾಸ ಬರುವುದಿಲ್ಲ, ಏಕೆಂದರೆ ವಿಳಾಸಪಟ್ಟಿ ಸಫಾರಿಯದು, ಪುಟದ್ದಲ್ಲ. ಆದ್ದರಿಂದ ಕಡತದ ಹೆಸರಿನಲ್ಲೇ ವಿಷಯ, ತಾಣ, ತೆಗೆದ ದಿನ ಬರೆಯಬೇಕು. ವೀಕ್ಷಕರು ‘ಇದು ಎಲ್ಲಿಂದ ತಂದಿರಿ?’ ಎಂದಾಗ ಆರು ಚಿತ್ರಗಳ ಪೈಕಿ ಯಾವುದಕ್ಕೂ ಉತ್ತರ ಗೊತ್ತಿರುವುದಿಲ್ಲ. ಅಂಗಡಿಗೆ ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಎಂದೇ ಲಗತ್ತಿಸಿ. ಆಗ ಕಡತ ಇದ್ದ ಹಾಗೆಯೇ ತಲುಪುತ್ತದೆ.

ಪಠ್ಯಪುಸ್ತಕ ಸಂಘದ ತಾಣದಲ್ಲಿರುವ ಪುಸ್ತಕಗಳಿಗೆ ಇದ್ಯಾವುದೂ ಬೇಡ. ಅವು ಮೊದಲೇ ಪಿಡಿಎಫ್. ತೆರೆದು `Save to Files` ಎಂದರಾಯಿತು. ಅವುಗಳ ಪುಟಗಳನ್ನೂ ಸ್ಕ್ರೀನ್‌ಶಾಟ್ ತೆಗೆದು ತರುವವರಿದ್ದಾರೆ.

ಮಿಂಚಿನ ಪಾಠವನ್ನು ಆ ಪ್ರಶಿಕ್ಷಣಾರ್ಥಿ ಮುಂದಿನ ವಾರ ಬೇರೆ ವಿಭಾಗಕ್ಕೆ ಮತ್ತೆ ಮಾಡಿದರು. `Print` ದಾರಿಯಲ್ಲಿ ಅದೇ ಪುಟ ನಾಲ್ಕು ಹಾಳೆಯಾಯಿತು. ಐದು ಗುಂಪಿಗೆ ಇಪ್ಪತ್ತು ಹಾಳೆ. ಈ ಸಲ ‘ಧನ ಆವೇಶ’ ಎಂದು ಓದಿದ ಹುಡುಗ, ಋಣ ಎಂದರೆ ಸಾಲವಲ್ಲವೇ, ಮೋಡ ಯಾರಿಗೆ ಸಾಲಗಾರ ಎಂದು ಕೇಳಿದ. ಪಾಠದ ಉಳಿದ ಹತ್ತು ನಿಮಿಷ ಅದಕ್ಕೇ ಹೋಯಿತು.