ಕ್ಲೈಂಟಿನ ಹುಟ್ಟುಹಬ್ಬಕ್ಕೆ ನಾಲ್ಕು ಸಾಲು

ಫ್ರೀಲಾನ್ಸರಿಗೂ ಹಳೆಯ ಕ್ಲೈಂಟಿಗೂ ಇರುವ ಸಂಬಂಧಕ್ಕೆ ಸರಿಯಾದ ಹೆಸರೇ ಇಲ್ಲ. ಅವರು ಬಾಸ್ ಅಲ್ಲ, ಸ್ನೇಹಿತರೂ ಅಲ್ಲ. ಐದಾರು ವರ್ಷ ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡಿದ್ದರೂ ಒಬ್ಬರ ಮನೆಯನ್ನು ಇನ್ನೊಬ್ಬರು ನೋಡಿರುವುದಿಲ್ಲ. ಅಂಥವರ ಹುಟ್ಟುಹಬ್ಬದ ದಿನ ಕೆಲವರು ಗುಲಾಬಿ ಹೂವಿನ ಚಿತ್ರದ ಕೆಳಗೆ ತಮ್ಮ ಫೋಟೊ, ಲೋಗೊ, ಫೋನ್ ನಂಬರು ಹಾಕಿ ಕಳಿಸುತ್ತಾರೆ. ಅದು ಸರ್ಕಲ್ಲಿನಲ್ಲಿ ಕಟ್ಟಿದ ಫ್ಲೆಕ್ಸ್ ಇದ್ದಂತೆ: ಹುಟ್ಟುಹಬ್ಬ ಯಾರದೋ, ದೊಡ್ಡದಾಗಿ ಕಾಣುವುದು ಶುಭ ಕೋರುವವರ ಮುಖ.

ಒಂದು ಉದಾಹರಣೆ ನೋಡೋಣ. ಮೈಸೂರಿನಲ್ಲಿ ಮನೆಯಿಂದಲೇ ಪುಸ್ತಕಗಳ ಪುಟವಿನ್ಯಾಸ ಮಾಡುವ ಒಬ್ಬಾಕೆ ಇದ್ದಾಳೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಸಣ್ಣ ಪ್ರಕಾಶಕರೊಬ್ಬರಿಗೆ ಆರು ವರ್ಷದಿಂದ ಕೆಲಸ ಮಾಡಿಕೊಡುತ್ತಿದ್ದಾಳೆ. ಅವರಿಗೆ ಅರವತ್ತು ದಾಟಿದೆ. ಇವಳು ‘ಸರ್’ ಎನ್ನುತ್ತಾಳೆ, ಅವರು ‘ಏನಮ್ಮಾ’ ಎನ್ನುತ್ತಾರೆ. ಅವಳು ಮೊದಲು ಬರೆದದ್ದು ಹೀಗಿದೆ:

“ಸರ್, ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ನಿಮ್ಮಂಥವರ ಜೊತೆ ಕೆಲಸ ಮಾಡುವುದು ನನ್ನ ಭಾಗ್ಯ. ದೇವರು ನಿಮಗೆ ಆಯುರಾರೋಗ್ಯ ಐಶ್ವರ್ಯ ಕೊಟ್ಟು ಕಾಪಾಡಲಿ. ನಿಮ್ಮ ಸಹಕಾರ ಸದಾ ಹೀಗೇ ಇರಲಿ.”

ಓದಲು ಏನೂ ತಪ್ಪಿಲ್ಲ. ಆದರೆ ಮೇಲಿನ ‘ಸರ್’ ತೆಗೆದು ‘ಮೇಡಂ’ ಎಂದು ಹಾಕಿದರೆ ಇದೇ ಪತ್ರ ಇನ್ನೊಬ್ಬ ಕ್ಲೈಂಟಿಗೂ ಹೋಗುತ್ತದೆ, ಔಷಧಿ ಅಂಗಡಿಯವರಿಗೂ ಹೋಗುತ್ತದೆ. ಕೊನೆಯ ಸಾಲಂತೂ ಮುಂದೆಯೂ ಕೆಲಸ ಕೊಡಿ ಎನ್ನುವ ಅರ್ಜಿ. ಶುಭಾಶಯದಲ್ಲಿ ಏನನ್ನಾದರೂ ಕೇಳಿದ ಕ್ಷಣ ಮೇಲಿನ ಮೂರು ಸಾಲೂ ಅದಕ್ಕೆ ಪೀಠಿಕೆಯಾಗಿಬಿಡುತ್ತವೆ. ಇನ್ನು ‘ದೇವರು ಕಾಪಾಡಲಿ’ ಎಂಬ ಮಾತು ಹಿರಿಯರು ಕಿರಿಯರಿಗೆ ಹೇಳುವ ಧಾಟಿಯದು. ಮಗಳ ವಯಸ್ಸಿನವಳು ಅದನ್ನು ಹೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ ನಿಜ, ಆದರೂ ಕಿವಿಗೆ ಸ್ವಲ್ಪ ಎಡವಟ್ಟಾಗಿ ಕೇಳಿಸುತ್ತದೆ.

ಇದು ಬಹಳ ಒಣಕಲು ಎನಿಸಿ ಅವಳು ಎರಡನೆಯದನ್ನು ಬರೆಯುತ್ತಾಳೆ. ಅದರಲ್ಲಿ ಅವರ ಮೊಣಕಾಲಿನ ಆಪರೇಷನ್, ಫೋನಿನಲ್ಲಿ ಒಮ್ಮೆ ಕೇಳಿಸಿದ ಮೊಮ್ಮಗಳ ಅಳು ಎಲ್ಲವೂ ಬಂದಿವೆ. ಆಪರೇಷನ್ ವಿಷಯ ಅವರೇ ಹೇಳಿದ್ದು, ಸುಳ್ಳಲ್ಲ. ಆದರೆ ಪ್ರೂಫ್ ತಡವಾದದ್ದಕ್ಕೆ ಕಾರಣ ಕೊಡಲು ಹೇಳಿದ ಮಾತದು. ಅದನ್ನು ಎತ್ತಿಟ್ಟುಕೊಂಡು ಹುಟ್ಟುಹಬ್ಬದ ದಿನ ವಾಪಸ್ಸು ಹೇಳಿದರೆ ಕಾಳಜಿಗಿಂತ ಸಲಿಗೆಯೇ ಹೆಚ್ಚಾಗಿ ಕಾಣುತ್ತದೆ. ಸಣ್ಣ ಸಂಸ್ಥೆಗಳಲ್ಲಿ ಮಾಲೀಕರ ಫೋನನ್ನು ಮಗನೋ ಲೆಕ್ಕ ಬರೆಯುವವರೋ ತೆಗೆದು ನೋಡುವುದು ಮಾಮೂಲು. ಅವರು ಓದಿದರೂ ಯಾರಿಗೂ ಮುಜುಗರವಾಗಬಾರದು ಎಂಬುದೇ ಇಲ್ಲಿ ನಿಜವಾದ ಗಡಿ.

ಹಾಗಾದರೆ ಆಪ್ತತೆ ಎಲ್ಲಿಂದ ತರಬೇಕು? ಅವರ ಮನೆಯಿಂದಲ್ಲ, ಇಬ್ಬರೂ ಕೂಡಿ ಮಾಡಿದ ಕೆಲಸದಿಂದ. ಅಲ್ಲಿ ನಡೆದದ್ದು ಅವರಿಬ್ಬರಿಗೆ ಮಾತ್ರ ಗೊತ್ತು, ಹೊರಗಿನವರು ಓದಿದರೂ ಅದರಲ್ಲಿ ಗುಟ್ಟಿಲ್ಲ. ಮೂರನೆಯ ಸಲ ಅವಳು ಬರೆದದ್ದು ಇದು:

“ಸರ್, ಹುಟ್ಟುಹಬ್ಬದ ಶುಭಾಶಯಗಳು. ಹೋದ ವರ್ಷ ಕಥಾಸಂಕಲನ ಪ್ರೆಸ್ಸಿಗೆ ಹೋಗುವ ಸಂಜೆ ಜಾಗ ತಪ್ಪಿದ ಅರ್ಕಾವತ್ತನ್ನು ನೀವು ಹಿಡಿದಿರಲ್ಲ, ಅವತ್ತಿನಿಂದ ಪ್ರತಿ ಪುಸ್ತಕದಲ್ಲೂ ಅರ್ಕಾವತ್ತಿಗೆಂದೇ ಒಂದು ಸುತ್ತು ಬೇರೆ ಓದುತ್ತೇನೆ. ಈ ವರ್ಷ ಆರೋಗ್ಯ ಚೆನ್ನಾಗಿರಲಿ, ಪ್ರೂಫ್ ಬಿಟ್ಟು ಬೇರೇನಾದರೂ ಓದಲು ನಿಮಗೆ ಬಿಡುವೂ ಸಿಗಲಿ. ನಮಸ್ಕಾರಗಳು.”

ನುಡಿ, ಬರಹದಂಥ ಹಳೆಯ ತಂತ್ರಾಂಶಗಳಲ್ಲಿ ಟೈಪು ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುವುದು ಪುಟ ಕಟ್ಟುವವರಿಗೆಲ್ಲ ಗೊತ್ತಿರುವ ಕಾಟ. ಅದನ್ನು ಕಂಡುಹಿಡಿದವರಿಗೆ ಆ ಸಂಜೆ ಮರೆತಿರುವುದಿಲ್ಲ. ಈ ಪತ್ರದಲ್ಲಿ ‘ನೀವು ಬಹಳ ಸೂಕ್ಷ್ಮವಾಗಿ ನೋಡುತ್ತೀರಿ’ ಎಂಬ ಹೊಗಳಿಕೆಯೇ ಇಲ್ಲ. ಅವರು ಮಾಡಿದ ಒಂದು ಕೆಲಸ, ಅದರಿಂದ ಇವಳ ಅಭ್ಯಾಸದಲ್ಲಾದ ಒಂದು ಬದಲಾವಣೆ, ಅಷ್ಟೇ ಇದೆ. ಹೊಗಳಿಕೆಯನ್ನು ಓದುವವರೇ ಮಾಡಿಕೊಳ್ಳುತ್ತಾರೆ. ‘ಭಾಗ್ಯ’ಕ್ಕಿಂತ ಅರ್ಕಾವತ್ತಿನ ತೂಕ ಹೆಚ್ಚು ಎಂದೇ ನನ್ನ ಎಣಿಕೆ.

ಪತ್ರಕ್ಕಿಂತ ಮೊದಲು ದಿನಾಂಕ ಸರಿಯಿರಬೇಕು. ನಮ್ಮಲ್ಲಿ ಇದು ಅಂದುಕೊಂಡಷ್ಟು ಸುಲಭವಲ್ಲ. ಜನನ, ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದೆ, ಎಷ್ಟೋ ಊರುಗಳಲ್ಲಿ ಅದಾದ ಮೇಲೂ, ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡದ್ದೇ ಜನ್ಮದಿನಾಂಕ. ಒಂದು ತಲೆಮಾರಿನ ಇಷ್ಟೊಂದು ಜನ ಜೂನ್ 1ರಂದೇ ಹುಟ್ಟಿದಂತೆ ಕಾಣುವುದು ಇದರಿಂದ. ಒಪ್ಪಂದಕ್ಕೆ ಲಗತ್ತಿಸಿದ ಪ್ಯಾನ್ ಕಾರ್ಡಿನ ದಿನಾಂಕ ನೋಡಿ ಶುಭಾಶಯ ಕಳಿಸಿದರೆ, ಅಂದು ಅವರ ಮನೆಯಲ್ಲಿ ಪಾಯಸವೇ ಇಲ್ಲದಿರಬಹುದು. ಕೆಲವರು ಪಂಚಾಂಗದ ಪ್ರಕಾರ ಆಚರಿಸುವುದರಿಂದ ಅವರ ದಿನ ವರ್ಷವರ್ಷವೂ ಜರುಗುತ್ತದೆ. ಅದೂ ಅಲ್ಲದೆ, ಲೆಕ್ಕಪತ್ರಕ್ಕೆಂದು ಕೊಟ್ಟ ಕಾಗದವನ್ನು ಇವಳು ಹೀಗೆ ಓದುತ್ತಾಳೆ ಎಂದು ಗೊತ್ತಾದರೆ ಯಾರಿಗಾದರೂ ಕಸಿವಿಸಿಯೇ. ಮಾತಿನ ನಡುವೆ ಅವರಾಗಿ ಹೇಳಿದ ದಿನವಾದರೆ ಈ ಗೋಜಲು ಇಲ್ಲ.

ಕಳಿಸುವ ಹೊತ್ತು ಬೆಳಿಗ್ಗೆ ಒಂಬತ್ತು, ಹತ್ತರ ಸುಮಾರು. ರಾತ್ರಿ ಹನ್ನೆರಡಕ್ಕೆ ಹಾರೈಸುವುದು ಮನೆಯವರ, ಗೆಳೆಯರ ಹಕ್ಕು. ಕೆಲಸದ ಗ್ರೂಪಿನಲ್ಲಿ ಹಾಕಿದರೆ ಉಳಿದವರೆಲ್ಲ ಕೇಕಿನ ಚಿತ್ರ ಹಾಕಲು ಶುರುಮಾಡುತ್ತಾರೆ, ಅರ್ಕಾವತ್ತು ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ಅವರಿಗೊಬ್ಬರಿಗೇ ಕಳಿಸಬೇಕು.

ಎಲ್ಲಕ್ಕಿಂತ ಕಷ್ಟದ್ದು ಬಿಲ್ಲಿನ ವಿಷಯ. ಎರಡು ತಿಂಗಳ ಹಣ ಬಾಕಿಯಿದ್ದಾಗ ಹುಟ್ಟುಹಬ್ಬ ಬಂದರೆ ಏನು ಮಾಡುವುದು? ಶುಭಾಶಯ ಕಳಿಸಬೇಕು, ಆದರೆ ಆ ದಿನ ಬಿಲ್ಲಿನ ಮಾತು ಬೇಡ, ಹಿಂದಿನ ದಿನವೂ ಬೇಡ, ಮರುದಿನವೂ ಬೇಡ. ಅವರು ಕೂಡಲೇ “ಥ್ಯಾಂಕ್ಸ್ ಅಮ್ಮಾ” ಎಂದು ಬರೆಯುತ್ತಾರೆ, ಆನ್‌ಲೈನಿನಲ್ಲೇ ಇದ್ದಾರೆ, ‘ಸರ್, ಆ ಪೇಮೆಂಟು...’ ಎಂದು ಕೇಳಲು ಬೆರಳು ತುರಿಸುತ್ತದೆ. ಕೇಳಿದರೆ ಬೆಳಿಗ್ಗೆ ಬರೆದದ್ದೆಲ್ಲ ವಸೂಲಿಯ ಮೊದಲ ಕಂತಾಗುತ್ತದೆ. ಹುಟ್ಟುಹಬ್ಬ ಹತ್ತಿರವಿದೆ ಎಂದು ಗೊತ್ತಿದ್ದರೆ ನೆನಪೋಲೆಯನ್ನು ಒಂದು ವಾರ ಮೊದಲೇ ಕಳಿಸಿಬಿಡುವುದು ಜಾಣತನ. ಅವರಾಗಿಯೇ ಕೆಲಸದ ಮಾತು ತೆಗೆದರೆ ಅದಕ್ಕೆ ಉತ್ತರ ಕೊಡಲು ಅಡ್ಡಿಯಿಲ್ಲ.

ಆ ವರ್ಷ ಅವರ ಮನೆಯಲ್ಲಿ ಸಾವಾಗಿದ್ದರೆ ಮಾತು ಬೇರೆ. ಅನೇಕ ಮನೆಗಳಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ಆಗ ಹೂವು, ಕೇಕು, ಹಾರ್ದಿಕ ಶುಭಾಶಯ ಯಾವುದೂ ಸಲ್ಲದು. “ಸರ್, ಇವತ್ತು ನಿಮ್ಮನ್ನು ನೆನೆಸಿಕೊಂಡೆ. ಆರೋಗ್ಯ ನೋಡಿಕೊಳ್ಳಿ” ಎಂದಷ್ಟೇ ಬರೆದರೆ ಅವರಿಗೆ ಅರ್ಥವಾಗುತ್ತದೆ.

ವರ್ಷಕ್ಕೊಂದು ಹೊಸ ಅರ್ಕಾವತ್ತು ಸಿಗುವುದಿಲ್ಲ ಎಂಬುದು ಇದರ ಮಿತಿ. ವಾಟ್ಸ್ಆ್ಯಪಿನಲ್ಲಿ ಹುಡುಕಿದರೆ ಹೋದ ವರ್ಷ ಬರೆದದ್ದು ಅವರಿಗೂ ಸಿಗುತ್ತದೆ, ಅದೇ ಸಾಲನ್ನು ಮತ್ತೆ ಅಂಟಿಸಿದರೆ ಮೊದಲನೆಯದರ ಬೆಲೆಯೂ ಇಳಿಯುತ್ತದೆ. ಹಾಗಾಗಿ ಪುಸ್ತಕವೊಂದು ಮುಗಿದಾಗ ಅದರ ಕಡತದಲ್ಲೇ ಒಂದು ಸಾಲು ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು: ಮುಖಪುಟದ ಬಣ್ಣಕ್ಕೆ ಅವರು ಹಿಡಿದ ಹಟ, ಲೇಖಕರ ಎದುರು ಇವಳ ಪರವಾಗಿ ಆಡಿದ ಮಾತು. ಏನೂ ಸಿಗದ ವರ್ಷ “ಸರ್, ಹುಟ್ಟುಹಬ್ಬದ ಶುಭಾಶಯಗಳು, ನಮಸ್ಕಾರಗಳು” ಎಂದು ಒಂದೇ ಸಾಲು ಬರೆದರೆ ಅದಕ್ಕೂ ಅವರು “ಥ್ಯಾಂಕ್ಸ್ ಅಮ್ಮಾ” ಎಂದೇ ಉತ್ತರ ಕೊಡುತ್ತಾರೆ.