ಮೊದಲು ತಪಾಸಣೆ, ಆಮೇಲೆ ಸ್ಕೇಲಿಂಗ್

“ಒಂದೇ ಸಲಕ್ಕೆ ಮುತ್ತಿನಂಥ ಬಿಳಿ ಹಲ್ಲು! ವಸಡಿನ ರೋಗಕ್ಕೆ, ಬಾಯಿ ವಾಸನೆಗೆ ಶಾಶ್ವತ ಪರಿಹಾರ! ಆರು ತಿಂಗಳಿಗೊಮ್ಮೆ ಸ್ಕೇಲಿಂಗ್ ಮಾಡಿಸಲೇಬೇಕು. ರಿಯಾಯಿತಿ ಈ ತಿಂಗಳು ಮಾತ್ರ.”

ಹಲ್ಲಿನ ಆಸ್ಪತ್ರೆಗಳ ಪೋಸ್ಟರುಗಳಲ್ಲಿ, ವಾಟ್ಸ್‌ಆ್ಯಪ್ ಸ್ಟೇಟಸ್ಸುಗಳಲ್ಲಿ ಹೆಚ್ಚು ಕಡಿಮೆ ಇದೇ ಧಾಟಿಯ ಸಾಲುಗಳನ್ನು ನಾವೆಲ್ಲ ಓದಿದ್ದೇವೆ. ಜನ ಹಲ್ಲು ನೋವು ಬರುವವರೆಗೂ ಡಾಕ್ಟರ ಕಡೆ ತಲೆ ಹಾಕುವುದಿಲ್ಲ, ಹೇಗಾದರೂ ಬರಲಿ ಎಂಬ ಕಳಕಳಿಯೂ ಅದರ ಹಿಂದೆ ಇರಬಹುದು. ಆದರೆ ಮೇಲಿನ ಸಾಲುಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ವಿಜ್ಞಾನದ ಮುಂದೆ ನಿಲ್ಲುವುದು ಬಹಳ ಕಡಿಮೆ. ನಿಲ್ಲುವಷ್ಟನ್ನೇ ಇಟ್ಟುಕೊಂಡು ಒಳ್ಳೆಯ ಜಾಹೀರಾತು ಬರೆಯಲು ಸಾಧ್ಯವೇ? ಸಾಧ್ಯ. ಅದಕ್ಕೆ ಮೊದಲು ಸ್ಕೇಲಿಂಗ್ ಬಾಯಿಯೊಳಗೆ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಬೇಕು.

ಹಲ್ಲುಜ್ಜಿ ಕೆಲವು ಗಂಟೆ ಕಳೆಯುವಷ್ಟರಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ಅಂಟಾದ ಪದರವೊಂದು ಕೂರತೊಡಗುತ್ತದೆ. ಇದೇ ಹಲ್ಲಿನ ಪಾಚಿ, ಡಾಕ್ಟರು ಹೇಳುವ ಪ್ಲೇಕ್. ಮೆತ್ತಗಿರುವಾಗ ಇದನ್ನು ಬ್ರಷ್ಷಿನಿಂದ ತೆಗೆಯಬಹುದು. ಉಜ್ಜದೆ ಉಳಿದ ಕಡೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅದರೊಳಗೆ ಸೇರಿ, ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಹೀಗೆ ಗಟ್ಟಿಯಾದದ್ದು ಕಿಟ್ಟ, ಅಂದರೆ ಟಾರ್ಟರ್ ಅಥವಾ ಕ್ಯಾಲ್ಕುಲಸ್. ಕೆಳಗಿನ ಮುಂಬಲ್ಲುಗಳ ಹಿಂಬದಿಯನ್ನು ನಾಲಿಗೆಯ ತುದಿಯಿಂದ ಸವರಿ ನೋಡಿ. ಒರಟಾದ ಅಂಚೊಂದು ತಗುಲಿದರೆ ಅದು ಬಹುತೇಕ ಕಿಟ್ಟವೇ. ನಾಲಿಗೆಯಡಿಯ ಜೊಲ್ಲುಗ್ರಂಥಿಗಳ ಬಾಯಿ ಅಲ್ಲೇ ತೆರೆಯುವುದರಿಂದ ಖನಿಜದ ಪೂರೈಕೆ ಅಲ್ಲಿ ಧಾರಾಳ. ಮೇಲಿನ ದವಡೆಹಲ್ಲುಗಳ ಕೆನ್ನೆಯ ಕಡೆಯ ಮೈಯಲ್ಲಿ ಕಿಟ್ಟ ಬೇಗ ಕಟ್ಟುವುದೂ ಇದೇ ಕಾರಣಕ್ಕೆ.

ಕಿಟ್ಟವನ್ನು ಯಾವ ಪೇಸ್ಟೂ ಯಾವ ಬ್ರಷ್ಷೂ ಬಿಡಿಸಲಾರದು. ಅದಕ್ಕೇ ಸ್ಕೇಲಿಂಗ್. ಇಂದಿನ ಯಂತ್ರದ ಲೋಹದ ತುದಿ ಸೆಕೆಂಡಿಗೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಬಾರಿ ಕಂಪಿಸಿ ಕಿಟ್ಟವನ್ನು ಒಡೆಯುತ್ತದೆ. ಜೊತೆಗೇ ಚಿಮ್ಮುವ ನೀರು ತುದಿಯನ್ನು ತಂಪಾಗಿಟ್ಟು ಪುಡಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಚಹಾ, ಕಾಫಿ, ಎಲೆ ಅಡಿಕೆ, ತಂಬಾಕಿನಿಂದ ಹಲ್ಲಿನ ಮೇಲ್ಮೈಗೆ ಹತ್ತಿದ ಕಲೆಯೂ ಬಹುಮಟ್ಟಿಗೆ ಹೋಗುತ್ತದೆ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು.

ಈಗ ಮೊದಲ ಸಾಲಿಗೆ ಬರೋಣ. “ಮುತ್ತಿನಂಥ ಬಿಳಿ” ಎಂಬ ಭರವಸೆ ಸ್ಕೇಲಿಂಗ್‌ಗೆ ಸಲ್ಲದು. ಹಲ್ಲಿನ ಬಣ್ಣ ಬಹುಪಾಲು ಬರುವುದು ಎನಾಮೆಲ್ಲಿನ ಕೆಳಗಿರುವ ಹಳದಿ ಛಾಯೆಯ ಡೆಂಟಿನ್ ಪದರದಿಂದ. ಮೇಲಿನ ಕಲೆ ಹೋದರೆ ಹಲ್ಲು ತನ್ನ ಸ್ವಂತ ಬಣ್ಣಕ್ಕೆ ಬರುತ್ತದೆ, ಅದಕ್ಕಿಂತ ಬೆಳ್ಳಗಾಗುವುದಿಲ್ಲ. ಕರ್ನಾಟಕದಲ್ಲಿ ಈ ಮಾತನ್ನು ಒತ್ತಿ ಹೇಳಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಚಿಕ್ಕಂದಿನಿಂದ ಆ ನೀರು ಕುಡಿದವರ ಹಲ್ಲಿನಲ್ಲಿ ಕಾಣುವ ಕಂದು ಪಟ್ಟೆ ಎನಾಮೆಲ್ ರೂಪುಗೊಳ್ಳುವಾಗಲೇ ಆದ ದೋಷದಿಂದ ಬಂದದ್ದು, ಮೇಲೆ ಅಂಟಿದ ಕೊಳೆಯಲ್ಲ. ಎಷ್ಟು ಸಲ ಸ್ಕೇಲಿಂಗ್ ಮಾಡಿಸಿದರೂ ಅದು ಹೋಗದು. ಅಂಥ ಹುಡುಗಿಯೊಬ್ಬಳು ಮದುವೆಗೆ ಮುಂಚೆ ಈ ಜಾಹೀರಾತು ನಂಬಿ ಬಂದರೆ ಅವಳಿಗೆ ಸಿಗುವುದು ನಿರಾಸೆ ಮಾತ್ರ.

ಎರಡನೆಯ ಸಾಲು ಇನ್ನೂ ತೊಡಕಿನದು. ವಸಡಿನ ರೋಗಕ್ಕೂ ಪಾಚಿಗೂ ಇರುವ ನಂಟನ್ನು 1965ರಲ್ಲೇ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ತೋರಿಸಿಕೊಟ್ಟರು. ವಸಡು ಆರೋಗ್ಯವಾಗಿದ್ದ ಹನ್ನೆರಡು ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಊತ ಬಂದದ್ದೂ ಹೋದದ್ದೂ ದಿನದಿನದ ಪಾಚಿಯ ಜೊತೆಗೇ ಎಂಬುದು ಇದರಿಂದ ಖಚಿತವಾಯಿತು. ಹಾಗಾಗಿ ಇಂದು ಸ್ಕೇಲಿಂಗ್ ಮಾಡಿಸಿ ನಾಳೆಯಿಂದ ಸರಿಯಾಗಿ ಉಜ್ಜದಿದ್ದರೆ ಮೂರು ವಾರದಲ್ಲಿ ವಸಡು ಮತ್ತೆ ಅದೇ ಸ್ಥಿತಿಗೆ ಬರಬಹುದು. “ಶಾಶ್ವತ” ಎಂಬ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ರೋಗ ವಸಡಿನ ಊತವನ್ನು ದಾಟಿ ಹಲ್ಲನ್ನು ಹಿಡಿದಿರುವ ಮೂಳೆಗೆ ಇಳಿದಿದ್ದರೆ ಕಥೆ ಬೇರೆ. ಆಗ ಕಿಟ್ಟ ವಸಡಿನ ಕೆಳಗೆ, ಬೇರಿನ ಮೇಲೂ ಕೂತಿರುತ್ತದೆ. ಅದನ್ನು ತೆಗೆಯಲು ಅರವಳಿಕೆ ಕೊಟ್ಟು, ಒಂದೆರಡು ಸಲ ಕೂರಿಸಿ ಆಳದ ಶುಚಿ ಮಾಡಬೇಕಾಗಬಹುದು. ಕರಗಿದ ಮೂಳೆ ಸ್ಕೇಲಿಂಗ್‌ನಿಂದ ಮತ್ತೆ ಬೆಳೆದು ಮೊದಲಿನಂತಾಗುವುದಿಲ್ಲ, ರೋಗ ಮುಂದುವರಿಯದಂತೆ ತಡೆಯುವುದೇ ಗುರಿ. ಬಾಯಿ ವಾಸನೆಯ ವಿಷಯವೂ ಅಷ್ಟೆ. ನಾಲಿಗೆಯ ಹಿಂಭಾಗದ ಪದರ, ಹುಳುಕು, ಒಣಬಾಯಿ ಎಲ್ಲವೂ ಕಾರಣವಾಗಬಹುದು. ಸ್ಕೇಲಿಂಗ್‌ನಿಂದ ಕೆಲವರಿಗೆ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ.

ಮೂರನೆಯ ಸಾಲು ನೋಡಲು ಅತಿಶಯದ ಮಾತಿನಂತೆ ಕಾಣುವುದಿಲ್ಲ. ಆರು ತಿಂಗಳಿಗೊಮ್ಮೆ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಆದರೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸ್ಕಾಟ್ಲೆಂಡ್ ಮತ್ತು ಈಶಾನ್ಯ ಇಂಗ್ಲೆಂಡಿನ 63 ದಂತ ಚಿಕಿತ್ಸಾಲಯಗಳಲ್ಲಿ ಸಾವಿರದ ಎಂಟುನೂರಕ್ಕೂ ಹೆಚ್ಚು ವಯಸ್ಕರನ್ನು ಮೂರು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೆಲವರಿಗೆ ಆರು ತಿಂಗಳಿಗೊಮ್ಮೆ, ಕೆಲವರಿಗೆ ವರ್ಷಕ್ಕೊಮ್ಮೆ ಸ್ಕೇಲಿಂಗ್, ಉಳಿದವರಿಗೆ ನಿಗದಿತ ಸ್ಕೇಲಿಂಗ್ ಇಲ್ಲ. ಕೊನೆಯಲ್ಲಿ ವಸಡಿನಿಂದ ರಕ್ತ ಬರುವ ಪ್ರಮಾಣದಲ್ಲಿ ಮೂರು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷದ ಕಾಕ್ರೇನ್ ಸಮೀಕ್ಷೆಯೂ ಇದೇ ತೀರ್ಮಾನಕ್ಕೆ ಬಂತು. ನಿಗದಿತ ಸ್ಕೇಲಿಂಗ್‌ನಿಂದ ಕಿಟ್ಟ ಸ್ವಲ್ಪ ಕಡಿಮೆಯಾಗುತ್ತದೆ, ವಸಡಿನ ಆರೋಗ್ಯದಲ್ಲಿ ಮಾತ್ರ ಅಷ್ಟಾಗಿ ಬದಲಾವಣೆ ಇಲ್ಲ.

ಇದನ್ನು ಓದಿ “ಹಾಗಾದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದೇ ಬೇಡ” ಎಂದು ಯಾರೂ ತಿಳಿಯಬಾರದು. ಆ ಅಧ್ಯಯನದಲ್ಲಿ ಇದ್ದವರೆಲ್ಲ ಮೊದಲಿನಿಂದಲೂ ತಪಾಸಣೆಗೆ ತಪ್ಪದೆ ಹೋಗುತ್ತಿದ್ದವರು. ವಸಡಿನ ರೋಗ ತೀವ್ರವಾಗಿದ್ದವರನ್ನು ಸೇರಿಸಿಕೊಂಡಿರಲಿಲ್ಲ. ಹತ್ತು ವರ್ಷದಿಂದ ಒಮ್ಮೆಯೂ ಬಾಯಿ ತೋರಿಸದವರಿಗೆ, ತಂಬಾಕು ಹಾಕುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಆ ಫಲಿತಾಂಶವನ್ನು ನೇರವಾಗಿ ಅನ್ವಯಿಸಲು ಬರುವುದಿಲ್ಲ. ಯಾರಿಗೆ ಸ್ಕೇಲಿಂಗ್ ಬೇಕು, ಯಾರಿಗೆ ಬೇಡ ಎಂಬುದು ಬಾಯಿ ನೋಡಿದ ಮೇಲೆ ನಿರ್ಧಾರವಾಗಬೇಕು ಎಂಬುದಷ್ಟೇ ಅದರ ಅರ್ಥ. ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲೇ ವಯಸ್ಕರ ತಪಾಸಣೆಯ ಅಂತರವನ್ನು ಮೂರು ತಿಂಗಳಿನಿಂದ ಎರಡು ವರ್ಷದವರೆಗೆ ಎಂದು ವಿಸ್ತರಿಸಿಟ್ಟಿತು. ಯಾರು ಎಲ್ಲಿ ಬರುತ್ತಾರೆ ಎಂಬುದನ್ನು ಅವರವರ ಅಪಾಯ ನೋಡಿ ಡಾಕ್ಟರು ಹೇಳಬೇಕು.

ಆ ತಪಾಸಣೆ ಎಂದರೇನು ಎಂಬುದನ್ನೂ ಓದುಗರು ತಿಳಿದಿರಬೇಕು, ಏಕೆಂದರೆ ಜಾಹೀರಾತಿನ ತಿರುಳು ಇರಬೇಕಾದದ್ದು ಇಲ್ಲೇ. ಡಾಕ್ಟರು ಮಿಲಿಮೀಟರ್ ಗುರುತುಗಳಿರುವ ಮೊಂಡು ತುದಿಯ ತೆಳು ಸಲಾಕೆಯೊಂದನ್ನು ವಸಡಿಗೂ ಹಲ್ಲಿಗೂ ನಡುವೆ ಮೆಲ್ಲಗೆ ಇಳಿಸುತ್ತಾರೆ. ಒಂದರಿಂದ ಮೂರು ಮಿಲಿಮೀಟರ್ ಇಳಿದರೆ ಸಹಜ. ನಾಲ್ಕು ಅಥವಾ ಹೆಚ್ಚು ಇಳಿದು, ರಕ್ತವೂ ಜಿನುಗಿದರೆ ವಸಡು ಹಲ್ಲಿನಿಂದ ಬಿಟ್ಟುಕೊಳ್ಳುತ್ತಿರಬಹುದು, ಎಕ್ಸ್‌ರೇ ತೆಗೆದು ಮೂಳೆ ನೋಡಬೇಕಾಗುತ್ತದೆ. ಇದಕ್ಕೆ ಹೆಚ್ಚು ಸಮಯ ಹಿಡಿಯುವುದಿಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಒಳಗೆ ರೋಗವಿದ್ದರೂ ರಕ್ತ ಕಡಿಮೆ ಬರುತ್ತದೆ. ಆದ್ದರಿಂದ “ನನಗೆ ರಕ್ತ ಬರುವುದಿಲ್ಲ” ಎಂದು ಅವರು ನಿಶ್ಚಿಂತರಾಗುವಂತಿಲ್ಲ.

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದಿ ಬೀಳುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ನಲವತ್ತೈದು ದಾಟಿದ, ಮೊದಲ ಸಲ ಬಂದ ಒಬ್ಬರನ್ನು ಕಲ್ಪಿಸಿಕೊಳ್ಳಿ. ಕೆಳಗಿನ ನಾಲ್ಕು ಮುಂಬಲ್ಲುಗಳ ಹಿಂದೆ ಕಿಟ್ಟ ಒಂದೇ ಗೋಡೆಯಂತೆ ಕಟ್ಟಿ ಸಂದಿಗಳನ್ನೆಲ್ಲ ಮುಚ್ಚಿದೆ, ವಸಡು ಊದಿಕೊಂಡಿದೆ. ಕಿಟ್ಟ ತೆಗೆದ ಮೇಲೆ ಸಂದಿ ಕಾಣುತ್ತದೆ. ವಾರ ಎರಡು ವಾರದಲ್ಲಿ ಊತ ಇಳಿದು ಬೇರಿನ ತುಸು ಭಾಗವೂ ಹೊರಗೆ ಬೀಳುತ್ತದೆ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಅವರು ಮನೆಗೆ ಹೋಗಿ “ಇದ್ದ ಹಲ್ಲನ್ನೂ ಹಾಳು ಮಾಡಿದರು” ಎನ್ನುತ್ತಾರೆ. ಮೂಳೆ ಕರಗಿದ್ದು ಎಷ್ಟೋ ವರ್ಷಗಳಿಂದ, ಕಿಟ್ಟ ಅದನ್ನು ಮುಚ್ಚಿಟ್ಟಿತ್ತು. ಜುಮ್ಮೆನ್ನುವುದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಗ್ಗುತ್ತದೆ. ಇದನ್ನು ಕುರ್ಚಿಯಲ್ಲಿ ಕೂರಿಸುವ ಮುಂಚೆಯೇ ಹೇಳಿದರೆ ಅವರು ಮತ್ತೆ ಬರುತ್ತಾರೆ. ಮುತ್ತಿನಂಥ ಹಲ್ಲು ಎಂದು ಆಸೆ ತೋರಿಸಿ ಕರೆದಿದ್ದರೆ ಬರುವುದಿಲ್ಲ, ಹತ್ತು ಜನರಿಗೆ ಹೋಗಬೇಡಿ ಎಂದೂ ಹೇಳುತ್ತಾರೆ. ನನಗೆ ಇಂಥ ಜಾಹೀರಾತಿನ ಅತಿ ದೊಡ್ಡ ಹಾನಿ ಕಾಣುವುದು ಇಲ್ಲಿ.

ಹಾಗಾದರೆ ಬರೆಯುವುದು ಹೇಗೆ? ನಾನಾದರೆ ಹೀಗೆ ಬರೆಯುತ್ತೇನೆ:

“ಹಲ್ಲಿನ ಡಾಕ್ಟರಿಗೆ ಬಾಯಿ ತೋರಿಸಿ ಎಷ್ಟು ದಿನವಾಯಿತು? ನೋವು ಬರುವವರೆಗೆ ಕಾಯಬೇಡಿ, ತಪಾಸಣೆಗೆ ಬನ್ನಿ. ಕಿಟ್ಟ ಕಟ್ಟಿದ್ದರೆ ಸ್ಕೇಲಿಂಗ್ ಮಾಡುತ್ತೇವೆ, ಅಗತ್ಯವಿಲ್ಲದಿದ್ದರೆ ಬೇಡ ಎಂದು ಹೇಳುತ್ತೇವೆ. ಸ್ಕೇಲಿಂಗ್‌ನಿಂದ ಕಿಟ್ಟ ಮತ್ತು ಮೇಲಿನ ಕಲೆ ಹೋಗುತ್ತವೆ, ಹಲ್ಲಿನ ಸಹಜ ಬಣ್ಣ ಬದಲಾಗುವುದಿಲ್ಲ. ಕೆಲವು ದಿನ ಜುಮ್ಮೆನ್ನಬಹುದು. ಮತ್ತೆ ಯಾವಾಗ ಬರಬೇಕು ಎಂಬುದನ್ನು ನಿಮ್ಮ ವಸಡು ನೋಡಿ ತಿಳಿಸುತ್ತೇವೆ.”

ಕೆಳಗೆ ತಪಾಸಣೆಗೆ ಎಷ್ಟು, ಸ್ಕೇಲಿಂಗ್‌ಗೆ ಎಷ್ಟು, ಎಕ್ಸ್‌ರೇ ಮತ್ತು ಆಳದ ಶುಚಿ ಅದರಲ್ಲಿ ಸೇರಿದೆಯೇ ಇಲ್ಲವೇ ಎಂದು ಬಿಡಿಬಿಡಿಯಾಗಿ ಬರೆಯಬೇಕು. “ಈ ತಿಂಗಳು ಮಾತ್ರ” ಎಂಬ ಅವಸರದ ಸಾಲನ್ನು ಬಿಡುವುದೇ ಒಳ್ಳೆಯದು. ಕಿಟ್ಟ ತಿಂಗಳ ಕೊನೆಗೆ ಕಾಯುವ ವಸ್ತುವಲ್ಲ, ಇಲ್ಲದ ಕಿಟ್ಟವನ್ನು ರಿಯಾಯಿತಿಯ ಆಸೆಗೆ ತೆಗೆಸಬೇಕಾಗಿಯೂ ಇಲ್ಲ. ಇದರಲ್ಲಿ ಕಾನೂನಿನ ಮಾತೂ ಇದೆ. ಭಾರತೀಯ ದಂತ ವೈದ್ಯಕೀಯ ಪರಿಷತ್ತಿನ 2014ರ ನೀತಿಸಂಹಿತೆ ಜಾಹೀರಾತಿನ ಮೂಲಕ ರೋಗಿಗಳನ್ನು ಸೆಳೆಯುವುದನ್ನು ನಿರ್ಬಂಧಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಬೆಲೆ, ರಿಯಾಯಿತಿ ಹಾಕುವ ಮುನ್ನ ಆಸ್ಪತ್ರೆಯವರು ನಿಯಮವನ್ನು ಒಮ್ಮೆ ಓದಿಕೊಳ್ಳಲಿ.

ಓದುಗರಿಗೆ ಒಂದು ಮಾತು. ಉಜ್ಜುವಾಗ ಎರಡು ವಾರ ಬಿಡದೆ ರಕ್ತ ಬರುತ್ತಿದ್ದರೆ, ಹಲ್ಲು ಅಲುಗಾಡುತ್ತಿದ್ದರೆ, ವಸಡಿನಿಂದ ಕೀವು ಬಂದರೆ ಯಾವ ಆಫರ್ರಿಗೂ ಕಾಯದೆ ಹೋಗಿ ತೋರಿಸಿ. ಇದಾವುದೂ ಇಲ್ಲದಿದ್ದರೂ ತಪಾಸಣೆಗೆ ಹೋಗಿ, ಎದ್ದು ಬರುವ ಮುನ್ನ ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ: “ನನ್ನ ವಸಡಿನಲ್ಲಿ ಸಲಾಕೆ ಎಷ್ಟು ಮಿಲಿಮೀಟರ್ ಇಳಿಯಿತು? ಮತ್ತೆ ಯಾವಾಗ ಬರಲಿ?”