ಗಿರಣಿಗೆ ಹಾಕಿದ ಹಣ ಎಷ್ಟು ವರ್ಷಕ್ಕೆ ಮರಳುತ್ತದೆ?



ಬೇಸಾಯದ ಜೊತೆಗೆ ಹಿಟ್ಟಿನ ಗಿರಣಿಯನ್ನೋ ಎಣ್ಣೆ ತೆಗೆಯುವ ಯಂತ್ರವನ್ನೋ ಇಡಬೇಕೆಂದು ನಿಮ್ಮಲ್ಲಿ ಹಲವರು ಯೋಚಿಸುತ್ತೀರಿ. ಆಗ ಮೊದಲು ಕೇಳುವ ಪ್ರಶ್ನೆ, "ಹಾಕಿದ ಹಣ ಎಷ್ಟು ವರ್ಷಕ್ಕೆ ಕೈ ಸೇರುತ್ತದೆ?" ಎಂಬುದು. ಪ್ರಶ್ನೆ ಸರಿಯಾದದ್ದೇ. ಆದರೆ ಇದಕ್ಕೆ ಉತ್ತರ ಕಂಡುಕೊಳ್ಳುವ ಬಗೆ ಎರಡಿವೆ. ಎರಡರಲ್ಲಿಯೂ ಕೊರತೆಗಳಿವೆ.

ಒಂದು ಹಿಟ್ಟಿನ ಗಿರಣಿಗೆ 1,00,000 ರೂಪಾಯಿ ತಗಲುತ್ತದೆ ಎಂದುಕೊಳ್ಳೋಣ. ಕರೆಂಟು, ರಿಪೇರಿ, ಆಳಿನ ಕೂಲಿ ಎಲ್ಲ ಕಳೆದು ವರ್ಷಕ್ಕೆ 25,000 ರೂಪಾಯಿ ಉಳಿಯುತ್ತದೆ. ಗಿರಣಿಯಲ್ಲಿ ನೀವೇ ನಿಂತರೆ ನಿಮ್ಮ ಕೂಲಿಯನ್ನೂ ಖರ್ಚಿನಲ್ಲಿ ಸೇರಿಸಿರಬೇಕು. ಹಾಕಿದ ಹಣವನ್ನು ವರ್ಷದ ಉಳಿಕೆಯಿಂದ ಭಾಗಿಸಿದರೆ 4 ವರ್ಷ ಬರುತ್ತದೆ. ಇದು ಸರಳ ಅವಧಿ.

ಈ ಲೆಕ್ಕದಲ್ಲಿ ಬಡ್ಡಿ ಬಿಟ್ಟುಹೋಗಿದೆ. ನಾಲ್ಕು ವರ್ಷದ ಮೇಲೆ ಬರುವ ರೂಪಾಯಿ ಇಂದಿನ ರೂಪಾಯಿಗೆ ಸಮವಲ್ಲ. ಹಣ ಸಾಲದ್ದಾದರೆ ಬಡ್ಡಿ ಕೊಡಬೇಕು. ಸ್ವಂತದ್ದಾದರೆ ಬೇರೆ ಕಡೆ ಬರಬಹುದಾಗಿದ್ದ ಬಡ್ಡಿ ತಪ್ಪುತ್ತದೆ. ಅದನ್ನು ಸೇರಿಸಿ ಎಣಿಸುವುದೇ ಬಡ್ಡಿ ಕಳೆದ ಅವಧಿ. ಸಾಲದ ಖಾತೆ ಬರೆದಂತೆ ಬರೆದರೆ ಇದು ಸುಲಭವಾಗಿ ತಿಳಿಯುತ್ತದೆ.

ಬಡ್ಡಿ ನೂರಕ್ಕೆ 12 ಇರಲಿ. ಮೊದಲ ವರ್ಷದ ಕೊನೆಗೆ ಬಾಕಿ 1,12,000 ಆಗುತ್ತದೆ. 25,000 ತೀರಿಸಿದರೆ 87,000 ನಿಲ್ಲುತ್ತದೆ. ಅದಕ್ಕೆ ಬಡ್ಡಿ ಹಾಕಿ ಮತ್ತೆ 25,000 ಕಳೆದರೆ ಎರಡನೆಯ ವರ್ಷ 72,440 ಉಳಿಯುತ್ತದೆ. ಹೀಗೆಯೇ ನಡೆಸಿದರೆ ಸರಳ ಲೆಕ್ಕದಲ್ಲಿ ಹಣವೆಲ್ಲ ಬಂದಾಯಿತು ಎನ್ನುವ ನಾಲ್ಕನೆಯ ವರ್ಷದ ಕೊನೆಯಲ್ಲಿ ಇನ್ನೂ ಸುಮಾರು 37,900 ರೂಪಾಯಿ ಬಾಕಿ ಇರುತ್ತದೆ. ಖಾತೆ ತೀರುವುದು ಆರನೆಯ ವರ್ಷದಲ್ಲಿ.

ಈಗ ಇನ್ನೊಂದು ಯಂತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಳಸಿದ ಎಣ್ಣೆ ಯಂತ್ರವೊಂದು ಅದೇ 1,00,000 ರೂಪಾಯಿಗೆ ಸಿಗುತ್ತದೆ. ವರ್ಷಕ್ಕೆ 40,000 ಉಳಿಸುತ್ತದೆ, ಆದರೆ ಬಾಳಿಕೆ ಮೂರೇ ವರ್ಷ. ಸರಳ ಅವಧಿ ಎರಡೂವರೆ ವರ್ಷ. ಗಿರಣಿಗಿಂತ ಇದೇ ಲೇಸೆಂದು ತೋರುತ್ತದೆ. ಖಾತೆ ಬರೆದು ನೋಡಿದರೆ ಮೊದಲ ವರ್ಷ 72,000, ಎರಡನೆಯ ವರ್ಷ 40,640 ಬಾಕಿ ಉಳಿಯುತ್ತದೆ. ಮೂರನೆಯ ವರ್ಷದ ಕೊನೆಗೆ ಯಂತ್ರ ಮೂಲೆ ಸೇರುವಾಗ ಸುಮಾರು 5,500 ರೂಪಾಯಿ ಇನ್ನೂ ನಿಂತಿರುತ್ತದೆ. ಹಳೆ ಕಬ್ಬಿಣಕ್ಕೆ ಅಷ್ಟು ಬೆಲೆ ಬಾರದಿದ್ದರೆ ಹಾಕಿದ ಹಣ ಎಂದಿಗೂ ಪೂರ್ತಿ ಮರಳುವುದಿಲ್ಲ. ಸರಳ ಅವಧಿಯನ್ನು ನಂಬಿದವನು ನಷ್ಟದ ಯಂತ್ರವನ್ನೇ ಆರಿಸಿಕೊಂಡಿರುತ್ತಾನೆ.

ಹಾಗಾದರೆ ಬಡ್ಡಿ ಕಳೆದ ಅವಧಿ ಒಂದೇ ಸಾಕೆ? ಸಾಲದು. ಹಣ ಮರಳಿದ ದಿನವೇ ಅದು ಎಣಿಕೆಯನ್ನು ನಿಲ್ಲಿಸುತ್ತದೆ. ನಮ್ಮ ಗಿರಣಿ ಏಳನೆಯ ವರ್ಷ ಕೆಟ್ಟು ನಿಂತರೂ, ಹತ್ತು ವರ್ಷ ಓಡಿದರೂ ಅದರ ಉತ್ತರ ಒಂದೇ: "ಆರನೆಯ ವರ್ಷ". ಏಳನೆಯ ವರ್ಷ ಮೋಟಾರು ಸುಟ್ಟು ದೊಡ್ಡ ಖರ್ಚು ಬಂದರೆ ಅದೂ ಈ ಲೆಕ್ಕಕ್ಕೆ ಕಾಣುವುದಿಲ್ಲ.

ಆದುದರಿಂದ ಯಂತ್ರದ ಬಾಳಿಕೆ ಮುಗಿಯುವವರೆಗೂ ಎಣಿಸಬೇಕು. ಒಂದು ವರ್ಷದ ಮೇಲೆ ಬರುವ 25,000 ರೂಪಾಯಿಯ ಇಂದಿನ ಬೆಲೆ ಸುಮಾರು 22,320, ಏಕೆಂದರೆ ಅಷ್ಟು ಹಣ ನೂರಕ್ಕೆ 12ರ ಬಡ್ಡಿಯಲ್ಲಿ ಒಂದು ವರ್ಷಕ್ಕೆ 25,000 ಆಗುತ್ತದೆ. ಹತ್ತು ವರ್ಷದ ಉಳಿಕೆಯನ್ನೂ ಹೀಗೆ ಇಂದಿನ ಬೆಲೆಗೆ ಇಳಿಸಿ ಕೂಡಿದರೆ ಸುಮಾರು 1,41,000 ಆಗುತ್ತದೆ. ಹಾಕಿದ ಹಣ ಕಳೆದರೆ ಗಿರಣಿಯಿಂದ 41,000 ಲಾಭ. ಎಣ್ಣೆ ಯಂತ್ರದಿಂದ ಸುಮಾರು 3,900 ನಷ್ಟ.

ಸಣ್ಣ ಉದ್ಯಮದವರು ಇನ್ನೊಂದನ್ನೂ ನೋಡಬೇಕು. ಲಾಭವಿರುವ ಗಿರಣಿಯೂ ಕಂತಿನಿಂದ ಕೈ ಕಟ್ಟಬಹುದು. ಪೂರ್ತಿ ಹಣ ಸಾಲದ್ದಾಗಿ, ಅದನ್ನು ನಾಲ್ಕು ಸಮನಾದ ವಾರ್ಷಿಕ ಕಂತುಗಳಲ್ಲಿ ತೀರಿಸಬೇಕಾದರೆ ಪ್ರತಿ ಕಂತು ಸುಮಾರು 32,900 ಆಗುತ್ತದೆ. ಗಿರಣಿ ಕೊಡುವುದು 25,000. ಮಿಕ್ಕ 7,900 ರೂಪಾಯಿಯನ್ನು ಪ್ರತಿ ವರ್ಷ ಬೆಳೆಯ ಹಣದಿಂದ ತುಂಬಬೇಕು. ಮಳೆ ಕೈಕೊಟ್ಟ ವರ್ಷ ಕಂತು ತಪ್ಪುತ್ತದೆ. ಸಾಲದ ಅವಧಿಯನ್ನು ಆರು ವರ್ಷಕ್ಕೆ ಕೇಳಿದರೆ ಕಂತು ಸುಮಾರು 24,300ಕ್ಕೆ ಇಳಿಯುತ್ತದೆ, ಗಿರಣಿ ತನ್ನ ಸಾಲವನ್ನು ತಾನೇ ತೀರಿಸುತ್ತದೆ. ಬಡ್ಡಿ ಕಳೆದ ಅವಧಿಯ ನಿಜವಾದ ಉಪಯೋಗ ಇದೇ: ಸಾಲವನ್ನು ಎಷ್ಟು ವರ್ಷಕ್ಕೆ ಕೇಳಬೇಕೆಂಬುದನ್ನು ಅದು ತಿಳಿಸುತ್ತದೆ. ಯಾವ ಯಂತ್ರ ಕೊಳ್ಳಬೇಕೆಂಬುದನ್ನು ಮಾತ್ರ ಅದರ ಪೂರ್ತಿ ಬಾಳಿಕೆಯ ಲೆಕ್ಕದಿಂದಲೇ ತೀರ್ಮಾನಿಸಿರಿ.